ಪಂಪ್ ಟ್ರಿಪ್ ಆದರೆ ದಿಬ್ಬದ ಮೇಲಿನ ಕೊಳವೆಗೆ ಏನಾಗುತ್ತದೆ? ಲೆಕ್ಕ ಹಾಕುವುದು ಹೀಗೆ

ಕರೆಂಟ್ ಹೋಗಿ ಪಂಪ್ ಟ್ರಿಪ್ ಆದಾಗ ಕೊಳವೆಯಲ್ಲಿ ಮೊದಲು ಹೊರಡುವುದು ಒತ್ತಡ ಕುಸಿಯುವ ಅಲೆ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಬೆಂಗಳೂರಿಗೆ ನೀರು ಏರಿಸುವಂಥ ಉದ್ದದ ಮಾರ್ಗಗಳಲ್ಲಿ, ಈ ಅಲೆ ದಿಬ್ಬವನ್ನು ಮುಟ್ಟಿದಾಗ ಏನಾಗುತ್ತದೆ ಎಂದು ಮೊದಲು ನೋಡಬೇಕು.

ಲೆಕ್ಕಕ್ಕೆ ಒಂದು ಮಾರ್ಗ ಇಟ್ಟುಕೊಳ್ಳೋಣ. ಉದ್ದ 10 ಕಿ.ಮೀ., ವ್ಯಾಸ 1 ಮೀಟರ್, ನೀರಿನ ವೇಗ ಸೆಕೆಂಡಿಗೆ 1.5 ಮೀಟರ್, ಅಲೆಯ ವೇಗ 1000 ಮೀಟರ್. ಪಂಪ್ ಬಳಿ ಹೆಡ್ 77 ಮೀಟರ್, ತುದಿಯ ಟ್ಯಾಂಕಿನಲ್ಲಿ 60. 6ನೇ ಕಿ.ಮೀ.ನಲ್ಲಿ 50 ಮೀಟರ್ ಎತ್ತರದ ದಿಬ್ಬ. ಅಲ್ಲಿ ಹೆಡ್ ಸುಮಾರು 67, ಅಂದರೆ ಒತ್ತಡ 17 ಮೀಟರ್ ಮಾತ್ರ.

ಕೊಳವೆಯನ್ನು 100 ಮೀಟರಿನ ತುಂಡುಗಳಾಗಿ ಭಾಗಿಸಿ. ಆಗ ಕಾಲದ ಹೆಜ್ಜೆ 0.1 ಸೆಕೆಂಡ್, ಅಲೆ ಒಂದು ಹೆಜ್ಜೆಗೆ ಸರಿಯಾಗಿ ಒಂದು ತುಂಡು ದಾಟುತ್ತದೆ. ಒಳಗಿನ ಪ್ರತಿ ಬಿಂದುವಿಗೂ, ಪಂಪ್ ಕಡೆಯ ಪಕ್ಕದ ಬಿಂದು `A`, ಟ್ಯಾಂಕ್ ಕಡೆಯದು `B` ಎಂದುಕೊಂಡರೆ:

```
Bc = a/(g*Ar)
R  = f*dx/(2*g*D*Ar^2)
CP = HA + Bc*QA - R*QA*abs(QA)
CM = HB - Bc*QB + R*QB*abs(QB)
H  = (CP + CM)/2
Q  = (CP - CM)/(2*Bc)
```

ಇಲ್ಲಿ `H` ಹೆಡ್, `Q` ಹರಿವು, `a` ಅಲೆಯ ವೇಗ, `g` ಗುರುತ್ವ, `Ar` ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ, `D` ವ್ಯಾಸ, `f` ಘರ್ಷಣೆಯ ಗುಣಾಂಕ, `dx` ತುಂಡಿನ ಉದ್ದ. ತುದಿಯಲ್ಲಿ ಟ್ಯಾಂಕಿನ ಹೆಡ್ ಬದಲಾಗುವುದಿಲ್ಲ. ಪಂಪ್ ತುದಿಯಲ್ಲಿ ಮಾತ್ರ ಕೆಲಸ ಜಾಸ್ತಿ. ಅಲ್ಲಿ `CM` ಜೊತೆಗೆ ಪಂಪ್ ಕರ್ವ್ ಮತ್ತು ವೇಗ ಇಳಿಯುವ ಸಮೀಕರಣವನ್ನು ಒಟ್ಟಿಗೆ ಬಿಡಿಸಬೇಕು. ಹರಿವು ಹಿಂದಕ್ಕೆ ತಿರುಗುವ ಕ್ಷಣ ಚೆಕ್ ವಾಲ್ವ್ ಮುಚ್ಚಿತು ಎಂದು `Q = 0` ಇಡಿ. ತಯಾರಕರು GD² ಕೊಟ್ಟಿದ್ದರೆ ಅದನ್ನು 4ರಿಂದ ಭಾಗಿಸಿ ಜಡತ್ವ ತೆಗೆಯಿರಿ. ಹಾಗೇ ಹಾಕಿದರೆ ಪಂಪ್ ನಿಜಕ್ಕಿಂತ ನಿಧಾನವಾಗಿ ನಿಲ್ಲುತ್ತದೆ, ಫಲಿತಾಂಶ ಸುಮ್ನೆ ಸುರಕ್ಷಿತವಾಗಿ ಕಾಣುತ್ತದೆ.

ಟ್ರಿಪ್ ಕೊಡುವ ಮೊದಲು ಪಂಪ್ ಓಡುತ್ತಿರುವಂತೆಯೇ ಒಂದು ನಿಮಿಷ ಮಾದರಿ ನಡೆಸಿ. ಹೆಡ್ ಎಲ್ಲಾದರೂ ಅಲುಗಿದರೆ ಘರ್ಷಣೆಯ ಲೆಕ್ಕವೋ ಆರಂಭದ ಹೆಡ್‌ಗಳೋ ತಪ್ಪಿವೆ.

ಈಗ ಟ್ರಿಪ್. ಹರಿವು ಪೂರ್ತಿ ನಿಂತರೆ ಹೆಡ್ ಇಳಿಕೆ `a*V/g`, ಅಂದರೆ 153 ಮೀಟರ್. ಆದರೆ ದಿಬ್ಬದಲ್ಲಿ ನೀರು ಆವಿಯಾಗಲು ಅಷ್ಟು ಬೇಕಿಲ್ಲ. ಇರುವ 17 ಮೀಟರ್ ಜೊತೆಗೆ ವಾತಾವರಣದ ಒತ್ತಡದ ಸುಮಾರು 10 ಸೇರಿ 27 ಮೀಟರ್ ಇಳಿದರೆ ಸಾಕು. ಘರ್ಷಣೆ ಬಿಟ್ಟು ನೋಡಿದರೆ, ಪಂಪ್ ಬಳಿ ವೇಗ 0.26 ಮೀಟರ್ ಕಡಿಮೆಯಾದರೆ ಅಷ್ಟು ಇಳಿಯುತ್ತದೆ. ಹಗುರ ಪಂಪ್ ಇದನ್ನು ಬೇಗನೆ ಕಳೆದುಕೊಳ್ಳುತ್ತದೆ, ಅಲೆ 6 ಸೆಕೆಂಡಿನಲ್ಲಿ ದಿಬ್ಬದಲ್ಲಿರುತ್ತದೆ. ಟ್ಯಾಂಕಿನಿಂದ ಮರಳುವ ಅಲೆ ಅಲ್ಲಿಗೆ ಬರುವುದು 14ನೇ ಸೆಕೆಂಡಿಗೆ. ಅಷ್ಟರೊಳಗೆ ನೀರಿನ ಕಂಬ ಒಡೆದಿರುತ್ತದೆ.

ಹಾಗಾಗಿ ಕೊಳವೆಯ ಎತ್ತರ `z` ಎಂದುಕೊಂಡು, ಪ್ರತಿ ಬಿಂದುವಿನಲ್ಲೂ `H < z - 10` ಆಯಿತೇ ಎಂದು ಕೇಳಿ. ಆಗಿದ್ದರೆ ಹೆಡ್ಡನ್ನು `z - 10` ರಲ್ಲೇ ಹಿಡಿದು, ಒಳಬರುವ ಮತ್ತು ಹೊರಹೋಗುವ ಹರಿವಿನ ವ್ಯತ್ಯಾಸದಿಂದ ಆವಿಗುಳ್ಳೆಯ ಗಾತ್ರ ಕೂಡಿಸುತ್ತ ಹೋಗಿ. ಗಾತ್ರ ಸೊನ್ನೆಗೆ ಮರಳಿದಾಗ ಎರಡು ಕಂಬಗಳು ಡಿಕ್ಕಿ ಹೊಡೆದು ಒತ್ತಡ ಜಿಗಿಯುತ್ತದೆ. ಗುಳ್ಳೆ ತುಂಡಿನ ಗಾತ್ರದ 10% ಮೀರಿದರೆ, ಇಲ್ಲಿ ಸುಮಾರು 7.9 ಘನ ಮೀಟರ್, ಆ ಜಿಗಿತದ ಅಂಕಿಯನ್ನು ನಂಬಬೇಡಿ. ಒಡೆದಿದೆ ಎಂಬುದನ್ನಷ್ಟೇ ನಂಬಿ, ಏರ್ ವೆಸೆಲ್ ಅಥವಾ ಒನ್-ವೇ ಟ್ಯಾಂಕ್ ಸೇರಿಸಿ ದಿಬ್ಬದ ಕನಿಷ್ಠ ಹೆಡ್ `z` ಗಿಂತ ಮೇಲೆ ಉಳಿಯುವ ತನಕ ಮತ್ತೆ ಲೆಕ್ಕ ಮಾಡಿ.