ಪ್ರವರ್ತಕರ ಷೇರು ಅಡವಿಗೆ ಹೋದಾಗ: ಪಟ್ಟಿ ಓದುವುದು ಹೇಗೆ?

ಶಿವಮೊಗ್ಗದ ಮಂಡಿಯಲ್ಲೋ ಸೊಸೈಟಿಯಲ್ಲೋ ರಾಶಿ ಅಡಿಕೆ ಇಟ್ಟು ಸಾಲ ತೆಗೆದವರಿಗೆ ಅಡವಿನ ಲೆಕ್ಕ ಹೊಸದಲ್ಲ. ಅಡಿಕೆ ಗೋದಾಮಿನಲ್ಲಿ, ದುಡ್ಡು ಕೈಯಲ್ಲಿ. ಧಾರಣೆ ಬಿದ್ದರೆ ಸಾಲ ಕೊಟ್ಟವರಿಗೆ ಇಟ್ಟ ಮಾಲು ಸಾಲದು ಅನ್ನಿಸುತ್ತದೆ. ಇನ್ನಷ್ಟು ಚೀಲ ತರಬೇಕು, ಇಲ್ಲವೇ ಸ್ವಲ್ಪ ಸಾಲ ಕಟ್ಟಬೇಕು. ಕಂಪನಿ ಕಟ್ಟಿ ಅದರ ಹಿಡಿತ ಇಟ್ಟುಕೊಂಡಿರುವ ಪ್ರವರ್ತಕರು ತಮ್ಮ ಷೇರು ಅಡವಿಟ್ಟು ಸಾಲ ಪಡೆಯುವುದೂ ಹೆಚ್ಚುಕಮ್ಮಿ ಹೀಗೆಯೇ. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ನಿಮ್ಮ ಹತ್ತು ಚೀಲ ಮಾರಿಹೋದರೆ ಶಿವಮೊಗ್ಗದ ಧಾರಣೆ ಅಲುಗಾಡುವುದಿಲ್ಲ. ಪ್ರವರ್ತಕರ ಷೇರು ಮಾರುಕಟ್ಟೆಗೆ ಬಂದು ಬಿದ್ದರೆ ಆ ಕಂಪನಿಯ ಬೆಲೆಯೇ ಕುಸಿಯುತ್ತದೆ, ಅದರ ಜೊತೆಗೆ ನಿಮ್ಮ ಕೈಯಲ್ಲಿರುವ ಷೇರಿನದ್ದೂ.

ಪಟ್ಟಿ ಎಲ್ಲಿ ಸಿಗುತ್ತದೆ

ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿ ತನ್ನ ಷೇರುದಾರರ ಪಟ್ಟಿಯನ್ನು ವಿನಿಮಯ ಕೇಂದ್ರಕ್ಕೆ ಕೊಡಬೇಕು. ಬಿಎಸ್‌ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹುಡುಕಿ `Shareholding Pattern` ತೆರೆಯಿರಿ. ಪ್ರವರ್ತಕರ ಕೋಷ್ಟಕದಲ್ಲಿ ಅಡವಿಟ್ಟ ಷೇರುಗಳ ಸಂಖ್ಯೆಯೂ ಶೇಕಡಾವಾರು ಲೆಕ್ಕವೂ ಇರುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಆ ಶೇಕಡಾವಾರು ಪ್ರವರ್ತಕರ ಪಾಲಿನಲ್ಲಿ ಎಷ್ಟು ಎಂಬ ಲೆಕ್ಕ, ಇಡೀ ಕಂಪನಿಯಲ್ಲಿ ಎಷ್ಟು ಎಂಬುದಲ್ಲ. ಪ್ರವರ್ತಕರ ಪಾಲು ಶೇ 50 ಇದ್ದು ಅದರಲ್ಲಿ ಶೇ 40 ಅಡವಿನಲ್ಲಿದ್ದರೆ, ಕಂಪನಿಯ ಶೇ 20ರಷ್ಟು ಷೇರು ಸಾಲ ಕೊಟ್ಟವರ ಹಿಡಿತದಲ್ಲಿದೆ ಎಂದರ್ಥ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ. ಒಂದೇ ತ್ರೈಮಾಸಿಕ ನೋಡಿ ಬಿಡಬೇಡಿ, ಕಳೆದ ಆರು ತ್ರೈಮಾಸಿಕಗಳ ಅಂಕಿ ಬೇಕು.

ಈ ಮಾಹಿತಿ ಮೊದಲಿನಿಂದಲೂ ಸಿಗುತ್ತಿರಲಿಲ್ಲ. ಸತ್ಯಂ ಕಂಪನಿಯ ಪ್ರವರ್ತಕರು ಅಡವಿಟ್ಟಿದ್ದ ಷೇರುಗಳನ್ನು ಸಾಲ ಕೊಟ್ಟವರು ಮಾರಿದ್ದು ಹಗರಣ ಬಯಲಾಗುವ ಹೊತ್ತಿಗೆ ಹೊರಬಂತು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಅಡವಿನ ವಿವರ ಬಹಿರಂಗಪಡಿಸುವುದನ್ನು ಕಡ್ಡಾಯ ಮಾಡಿದ್ದು ಅದಾದ ಮೇಲೆ, 2009ರಲ್ಲಿ.

ಹೊಸ ಸಾಲ ಇಲ್ಲದೆಯೂ ಅಡವು ಏರುತ್ತದೆ

ಒಂದು ಕಾಲ್ಪನಿಕ ಕಂಪನಿ ತೆಗೆದುಕೊಳ್ಳೋಣ. ಮಾಚೇನಹಳ್ಳಿಯಲ್ಲಿ ಎರಕದ ಬಿಡಿಭಾಗ ಮಾಡುವ ಕಾರ್ಖಾನೆ ಎಂದಿಟ್ಟುಕೊಳ್ಳಿ. ಒಟ್ಟು 10 ಕೋಟಿ ಷೇರು, ಪ್ರವರ್ತಕರ ಬಳಿ 5 ಕೋಟಿ, ಬೆಲೆ 200 ರೂಪಾಯಿ. ಪ್ರವರ್ತಕರು 2 ಕೋಟಿ ಷೇರು ಅಡವಿಟ್ಟು 200 ಕೋಟಿ ರೂಪಾಯಿ ಸಾಲ ಪಡೆದಿದ್ದಾರೆ. ಅಡವಿನ ಮೌಲ್ಯ 400 ಕೋಟಿ, ಅಂದರೆ ಸಾಲದ ಎರಡು ಪಟ್ಟು. ಈ ಎರಡು ಪಟ್ಟು ಸುಮ್ಮನೆ ಹೇಳಿದ್ದಲ್ಲ. ಷೇರಿನ ಮೇಲೆ ಸಾಲ ಕೊಡುವ ಎನ್‌ಬಿಎಫ್‌ಸಿಗಳು, ಅಂದರೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳು, ಷೇರಿನ ಮೌಲ್ಯದ ಅರ್ಧವನ್ನು ದಾಟಬಾರದು, ಕೊರತೆಯಾದರೆ 7 ಕೆಲಸದ ದಿನಗಳಲ್ಲಿ ಸರಿಪಡಿಸಬೇಕು ಎಂದು ರಿಸರ್ವ್ ಬ್ಯಾಂಕ್ 2014ರಲ್ಲಿ ನಿಯಮ ಮಾಡಿತು.

ಈಗ ಬೆಲೆ 150ಕ್ಕೆ ಇಳಿಯಿತು. ಅಡವಿನ ಮೌಲ್ಯ 300 ಕೋಟಿ, ಬೇಕಾಗಿರುವುದು 400 ಕೋಟಿ. ಪ್ರವರ್ತಕರು ಸುಮಾರು 67 ಲಕ್ಷ ಷೇರು ಹೆಚ್ಚುವರಿಯಾಗಿ ಇಡಬೇಕು. ಅಡವು ಅವರ ಪಾಲಿನ ಶೇ 40ರಿಂದ ಶೇ 53ಕ್ಕೆ ಏರಿತು. ಬೆಲೆ 100ಕ್ಕೆ ಬಂದರೆ 4 ಕೋಟಿ ಷೇರು ಬೇಕು, ಅಂದರೆ ಶೇ 80. ಬೆಲೆ 80 ತಲುಪಿದಾಗ 5 ಕೋಟಿಯೂ ಅಡವಿಗೆ ಹೋಗಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಇಳಿದರೂ ಕೊಡಲು ಷೇರಿಲ್ಲ. ನಗದು ತರಬೇಕು, ಇಲ್ಲವೇ ಸಾಲ ಕೊಟ್ಟವರು ಮಾರುತ್ತಾರೆ.

ಈ ಇಡೀ ಹಾದಿಯಲ್ಲಿ ಪ್ರವರ್ತಕರು ಒಂದು ರೂಪಾಯಿ ಹೊಸ ಸಾಲ ಮಾಡಿಲ್ಲ ಎಂಬುದನ್ನು ಗಮನಿಸಿ. ಹಾಗಾಗಿ ಅಡವು ಏರಿದ್ದು ಕಂಡರೆ ಆ ತ್ರೈಮಾಸಿಕದಲ್ಲಿ ಬೆಲೆ ಏನಾಗಿತ್ತು ಎಂದು ನೋಡಬೇಕು. ಬೆಲೆ ಏರುತ್ತಿದ್ದಾಗ ಅಡವೂ ಏರಿದರೆ ಅದು ಹೊಸ ಸಾಲ. ಬೆಲೆ ಇಳಿಯುವಾಗ ಅಡವು ಏರಿದರೆ ಬಹುಪಾಲು ಹಳೆಯ ಸಾಲಕ್ಕೆ ತೇಪೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕೆಟ್ಟ ಲಕ್ಷಣ, ಏಕೆಂದರೆ ಅಲ್ಲಿ ವೇಗ ಪ್ರವರ್ತಕರ ಕೈಯಲ್ಲಿ ಇರುವುದಿಲ್ಲ.

ನೀವು ಷೇರು ಕೊಂಡಿರುವ ಕಂಪನಿಗೂ, ಅಡವಿಡಲು ಷೇರು ಮುಗಿದುಹೋಗುವ ಈ ಕೊನೆಯ ಬೆಲೆ ಲೆಕ್ಕ ಹಾಕಬಹುದು. ಸಾಲದ ಮೊತ್ತವನ್ನು ಎರಡರಿಂದ ಗುಣಿಸಿ, ಪ್ರವರ್ತಕರ ಬಳಿಯಿರುವ ಒಟ್ಟು ಷೇರುಗಳಿಂದ ಭಾಗಿಸಿ. ಸಾಲದ ಮೊತ್ತ ಎಲ್ಲಿ ಸಿಗುತ್ತದೆ? ಅಡವಿನಲ್ಲಿರುವುದು ಪ್ರವರ್ತಕರ ಪಾಲಿನ ಶೇ 50 ಅಥವಾ ಕಂಪನಿಯ ಒಟ್ಟು ಬಂಡವಾಳದ ಶೇ 20 ಮುಟ್ಟಿದರೆ ಕಾರಣವನ್ನೂ ಪ್ರತ್ಯೇಕವಾಗಿ ಹೇಳಬೇಕು ಎಂದು ಸೆಬಿ 2019ರಲ್ಲಿ ಆದೇಶಿಸಿತು. ಆ ನಮೂನೆಯಲ್ಲಿ ಷೇರಿನ ಮೌಲ್ಯ, ಸಾಲದ ಮೊತ್ತ, ಅವೆರಡರ ಅನುಪಾತ, ಹಣ ಯಾವುದಕ್ಕೆ ಎಂಬುದೆಲ್ಲ ಇರುತ್ತದೆ.

ಹಣ ಯಾರಿಗೆ ಹೋಯಿತು

ಆ ನಮೂನೆಯಲ್ಲಿ ಹಣ ಯಾವುದಕ್ಕೆ ಎಂದು ಹೇಳುವ ಭಾಗವನ್ನು ತಪ್ಪದೆ ಓದಿ. ಕಂಪನಿಯೇ ಪಡೆದ ಬ್ಯಾಂಕ್ ಸಾಲಕ್ಕೆ ಹೆಚ್ಚುವರಿ ಭದ್ರತೆಯಾಗಿ ಪ್ರವರ್ತಕರು ಷೇರು ಕೊಟ್ಟಿರಬಹುದು. ವಿದ್ಯುತ್, ರಸ್ತೆ ಯೋಜನೆಗಳಲ್ಲಿ ಇದು ಮಾಮೂಲು. ಅಲ್ಲಿ ಸಾಲ ತೀರಿಸುವುದು ಕಂಪನಿಯ ವಹಿವಾಟು, ಷೇರು ಬೆಲೆ ಇಳಿದ ಮಾತ್ರಕ್ಕೆ ಯಾರೂ ಓಡಿಬರುವುದು ಕಡಿಮೆ. ಪ್ರವರ್ತಕರು ತಮ್ಮ ಇನ್ನೊಂದು ಖಾಸಗಿ ವ್ಯವಹಾರಕ್ಕೆ ತೆಗೆದ ಸಾಲವಾದರೆ ಕಥೆ ಬೇರೆ. ಎರಕದ ಕಾರ್ಖಾನೆ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಮುಳುಗುತ್ತಿರುವುದು ಅವರ ಲೇಔಟ್ ದಂಧೆ. ಬಡಿತ ಬೀಳುವುದು ಕಾರ್ಖಾನೆಯ ಷೇರಿಗೆ.

2019ರ ಜನವರಿ 25ರಂದು ಎಸ್ಸೆಲ್ ಸಮೂಹದಲ್ಲಿ ಕಂಡದ್ದು ಇಂಥದ್ದೇ. ಪ್ರವರ್ತಕರ ಸಾಲದ ಆತಂಕಕ್ಕೆ ಆ ಸಮೂಹದ ಜೀ ಎಂಟರ್‌ಟೇನ್‌ಮೆಂಟ್ ಷೇರು ಒಂದೇ ದಿನ ಕಾಲು ಭಾಗಕ್ಕೂ ಹೆಚ್ಚು ಬಿತ್ತು. ಅಡವಿನ ಷೇರು ಮಾರುವುದಿಲ್ಲ ಎಂದು ಸಾಲ ಕೊಟ್ಟವರು ಸೆಪ್ಟೆಂಬರ್ ಕೊನೆಯವರೆಗೆ ಒಪ್ಪಂದಕ್ಕೆ ಬರಬೇಕಾಯಿತು. ಹಲವರು ಸಾಲ ಕೊಟ್ಟಿದ್ದಾಗ ಮೊದಲು ಮಾರಿದವನಿಗೆ ಒಳ್ಳೆಯ ಬೆಲೆ, ಕೊನೆಯವನಿಗೆ ಚರಟ. ಒಪ್ಪಂದ ಬೇಕಾಗುವುದು ಆ ಓಟವನ್ನು ತಡೆಯಲು.

ಮಾರಲು ಎಷ್ಟು ದಿನ ಬೇಕು

ನಮ್ಮ ಕಾಲ್ಪನಿಕ ಕಂಪನಿಯಲ್ಲಿ ದಿನಕ್ಕೆ ಸರಾಸರಿ 4 ಲಕ್ಷ ಷೇರು ಡೆಲಿವರಿ ಆಗುತ್ತದೆ, ಅಂದರೆ ನಿಜಕ್ಕೂ ಕೈ ಬದಲಾಗುತ್ತದೆ ಎನ್ನಿ. ಅಡವಿನ 2 ಕೋಟಿ ಷೇರು ಎಂದರೆ ಪೂರಾ 50 ದಿನಗಳ ಡೆಲಿವರಿ. ಇಷ್ಟು ಸರಕು ಒಮ್ಮೆಗೇ ಬಂದರೆ ಷೇರು ದಿನವೂ ಲೋವರ್ ಸರ್ಕ್ಯೂಟ್‌ಗೆ, ಅಂದರೆ ಆ ದಿನ ಇಳಿಯಬಹುದಾದ ಕೊನೆಯ ಮಿತಿಗೆ, ತಾಗಿ ನಿಲ್ಲುತ್ತದೆ, ಮಾರಲು ಆರ್ಡರ್ ಹಾಕಿದರೂ ಕೊಳ್ಳುವವರಿರುವುದಿಲ್ಲ. ‘ಸ್ಟಾಪ್‌ಲಾಸ್ ಹಾಕಿದ್ದೇನೆ, ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಹೋಗುತ್ತದೆ’ ಎಂಬ ಧೈರ್ಯ ಇಲ್ಲಿ ಕೈಕೊಡುತ್ತದೆ. ದೊಡ್ಡ ವಹಿವಾಟಿನ ಕಂಪನಿಯಲ್ಲಿ ಶೇ 40 ಅಡವು ಸಹಿಸಬಹುದಾದದ್ದು. ಸಣ್ಣ ಕಂಪನಿಯಲ್ಲಿ ಶೇ 20 ಕೂಡ ಭಾರ.

ಅಡವು ಇಳಿದರೆ ಖುಷಿಪಡುವ ಮುನ್ನ

ಅಡವು ಶೇ 60ರಿಂದ ಶೇ 35ಕ್ಕೆ ಇಳಿದಿದೆ ಎಂದು ಕಂಡರೆ ಅದೇ ಕೋಷ್ಟಕದಲ್ಲಿ ಪ್ರವರ್ತಕರ ಒಟ್ಟು ಪಾಲನ್ನೂ ನೋಡಿ. ಸಾಲ ಕೊಟ್ಟವರು ಅಡವಿನ ಷೇರನ್ನು ವಶಪಡಿಸಿಕೊಂಡಾಗ ಅದು ಪ್ರವರ್ತಕರ ಲೆಕ್ಕದಿಂದಲೇ ಹೊರಹೋಗುತ್ತದೆ, ಅಡವಿನ ಅಂಕಿಯೂ ತಾನಾಗಿ ಇಳಿಯುತ್ತದೆ. ಮೇಲಿನ ಕಂಪನಿಯಲ್ಲಿ 3 ಕೋಟಿ ಷೇರು ಅಡವಿನಲ್ಲಿದ್ದು ಅದರಲ್ಲಿ 2 ಕೋಟಿ ವಶವಾದರೆ, ಉಳಿದ 3 ಕೋಟಿಯಲ್ಲಿ 1 ಕೋಟಿ ಅಡವು. ಶೇ 60 ಇದ್ದದ್ದು ಶೇ 33 ಆಯಿತು. ಜೊತೆಗೆ ಪ್ರವರ್ತಕರ ಪಾಲು ಶೇ 50ರಿಂದ ಶೇ 30ಕ್ಕೆ ಜಾರಿರುತ್ತದೆ. ನಿಜವಾಗಿ ಬಿಡಿಸಿಕೊಂಡಿದ್ದರೆ ಒಟ್ಟು ಪಾಲು ಮೊದಲಿನಷ್ಟೇ ಇರುತ್ತಿತ್ತು. ಅನುಮಾನವಿದ್ದರೆ ವಿನಿಮಯ ಕೇಂದ್ರದ ಪ್ರಕಟಣೆಗಳಲ್ಲಿ ವಶಪಡಿಸಿಕೊಂಡದ್ದನ್ನು ಹೇಳುವ `Invocation` ಎಂದಿದೆಯೋ ಬಿಡಿಸಿಕೊಂಡದ್ದನ್ನು ಹೇಳುವ `Release` ಎಂದಿದೆಯೋ ನೋಡಿ.