ಈಸಿ ಬಂದ ಮೇಲೆ ಕಿವಿನೋವು: ಔಷಧದ ಹನಿ ಒಳಗೆ ಇಳಿಯುವಂತೆ ಹಾಕುವುದು ಹೇಗೆ?

ಏಪ್ರಿಲ್ ರಜೆ ಶುರುವಾಯಿತೆಂದರೆ ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಬಾವಿಯಲ್ಲಿ ಈಸಿ ಕಿವಿ ಕೆಡಿಸಿಕೊಂಡ ಹುಡುಗರು ಬರತೊಡಗುತ್ತಾರೆ. ಬಾಗಿಲಲ್ಲಿ ಕಾಣುವಾಗಲೇ ಗುರುತು ಸಿಗುತ್ತದೆ. ಅಂಗೈಯನ್ನು ಕಿವಿಯ ಹತ್ತಿರ ಹಿಡಿದಿರುತ್ತಾರೆ, ಆದರೆ ಕಿವಿಗೆ ತಾಗಿಸಿರುವುದಿಲ್ಲ. ತಾಗಿದರೆ ಜೀವ ಹೋಗುವಷ್ಟು ನೋವು.

ಗದಗ ಹತ್ತಿರದ ಹಳ್ಳಿಯಿಂದ ಬಂದ 13 ವರ್ಷದ ಹುಡುಗನೊಬ್ಬನೂ ಹಾಗೆಯೇ ಬಂದಿದ್ದ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಸು ಕಲಿಯಲು ಶುರು ಮಾಡಿ ವಾರವಾಗಿತ್ತು. ಮೊದಲು ಬಲಗಿವಿಯಲ್ಲಿ ತುರಿಕೆ ಎದ್ದಿದೆ. ಹುಡುಗ ಬೆಂಕಿಕಡ್ಡಿ ಹಾಕಿ ಕೆರೆದಿದ್ದಾನೆ. ಮರುದಿನ ಕಿವಿ ಬಿಗಿದು ಮಂದ ಕೇಳಿಸಿದೆ, ಅದರ ಮರುದಿನ ರಾತ್ರಿಯೆಲ್ಲ ಅತ್ತಿದ್ದಾನೆ. ಹತ್ತಿರದ ಡಾಕ್ಟರು ಸರಿಯಾದ ಔಷಧವನ್ನೇ ಬರೆದುಕೊಟ್ಟಿದ್ದರು. ಆದರೂ ನೋವು ಇಳಿದಿರಲಿಲ್ಲ.

"ಮೂರ ದಿನ ಆತ್ರಿ ಡಾಕ್ಟರ್ರ, ಔಷಧ ಹಾಕಾಕತ್ತೇವಿ. ಒಂಚೂರೂ ಕಡಿಮಿ ಇಲ್ರಿ," ಎಂದರು ತಾಯಿ.

"ಹೆಂಗ ಹಾಕ್ತೀರಿ, ಒಂದ್ಸಲ ತೋರಸ್ರಿ ಅಕ್ಕಾರ."

ಹುಡುಗನನ್ನು ಕೂಡಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಎರಡು ಹನಿ ಬಿಟ್ಟು, ತಕ್ಷಣ ಹತ್ತಿ ತುರುಕಿ ತೋರಿಸಿದರು. ಉತ್ತರ ಅಲ್ಲೇ ಇತ್ತು. ಮೂರು ದಿನದ ಔಷಧವೆಲ್ಲ ಹತ್ತಿಗೆ ಹೋಗಿತ್ತು, ಕಿವಿಗೆ ಹೋಗಿರಲಿಲ್ಲ.

ಒಳಗೆ ಆಗಿರುವುದೇನು

ಕಿವಿಯ ತೂತಿನಿಂದ ತಮಟೆಯವರೆಗಿನ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದ, ಅದೂ ಸ್ವಲ್ಪ ಸೊಟ್ಟ. ಹೊರಗಿನ ಮೂರನೇ ಒಂದು ಭಾಗ ಮೆತ್ತನೆಯ ಎಲುಬಿನದು, ಗುಗ್ಗೆ ಹುಟ್ಟುವುದು ಅಲ್ಲಿಯೇ. ಒಳಗಿನ ಭಾಗದಲ್ಲಿ ತೆಳ್ಳನೆಯ ಚರ್ಮ ಗಟ್ಟಿ ಎಲುಬಿಗೆ ನೇರವಾಗಿ ಅಂಟಿಕೊಂಡಿರುತ್ತದೆ. ಬಾತುಕೊಳ್ಳಲು ಅದಕ್ಕೆ ಜಾಗವೇ ಇಲ್ಲ. ಕಾಲಿನ ಮೇಲೆ ಎದ್ದರೆ ಲೆಕ್ಕಕ್ಕೇ ಬಾರದಷ್ಟು ಬಾವು ಇಲ್ಲಿ ಎದ್ದರೆ ಮನುಷ್ಯ ಮಲಗಲಾರದೆ ಒದ್ದಾಡುವುದು ಅದಕ್ಕೇ.

ಗುಗ್ಗೆಯನ್ನು ನಮ್ಮ ಜನ ಹೊಲಸು ಎಂದುಕೊಂಡಿದ್ದಾರೆ. ನಿಜಕ್ಕೂ ಅದು ಎಣ್ಣೆಯಂತೆ ನೀರನ್ನು ದೂರ ಇಡುತ್ತದೆ, ತುಸು ಹುಳಿ ಗುಣದ್ದಾದ್ದರಿಂದ ಸೂಕ್ಷ್ಮಜೀವಿ ಬೆಳೆಯಲು ಬಿಡುವುದಿಲ್ಲ. ದಿನಾ ತಾಸುಗಟ್ಟಲೆ ನೀರಲ್ಲಿದ್ದರೆ ಈ ಪದರ ತೊಳೆದುಹೋಗುತ್ತದೆ. ಚರ್ಮ ನೆನೆದು ಮೆತ್ತಗಾಗುತ್ತದೆ. ಮೇಲೆ ಕಡ್ಡಿಯ ಗೀರು ಬಿದ್ದರೆ ಸೂಡೋಮೊನಾಸ್, ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳಿಗೆ ದಾರಿ ಸಿಕ್ಕಂತೆ. ಈಸದವರಿಗೂ ಇದು ಬರುತ್ತದೆ. ತಲೆಗೆ ನೀರು ಹಾಕಿಕೊಂಡು, ಸೋಪಿನ ನೀರು ಕಿವಿಯಲ್ಲಿ ಉಳಿದು, ಅದನ್ನು ತೆಗೆಯಲು ಸೆರಗಿನ ತುದಿ ಹುರಿ ಮಾಡಿ ತಿರುವಿದವರು ಎಷ್ಟೋ ಮಂದಿ ಬರುತ್ತಾರೆ.

ಮನೆಯಲ್ಲೇ ಹೀಗೆ ಪರೀಕ್ಷಿಸಬಹುದು: ಕಿವಿಯ ತೂತಿನ ಮುಂದೆ, ಕೆನ್ನೆಯ ಬದಿಗೆ ಇರುವ ಸಣ್ಣ ಉಬ್ಬನ್ನು ಮೆಲ್ಲಗೆ ಒತ್ತಿ, ಕಿವಿಯನ್ನು ತುಸು ಹಿಂದಕ್ಕೆ ಎಳೆಯಿರಿ. ನೋವು ಚುರ್ರೆಂದು ಹೆಚ್ಚಾದರೆ ಬೇನೆ ಹೊರಗಿನ ನಾಳದ್ದು ಎನ್ನಬಹುದು. ನೆಗಡಿ, ಜ್ವರದ ಬೆನ್ನಿಗೆ ಬರುವ ಮಧ್ಯಕಿವಿಯ ನೋವಿನಲ್ಲಿ ಕಿವಿ ಎಳೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಇಷ್ಟನ್ನೇ ನಂಬಿ ಅಂಗಡಿಯಿಂದ ಕಿವಿ ಔಷಧ ತರಬೇಡಿ. ತಮಟೆಯಲ್ಲಿ ತೂತಿದ್ದರೆ ನಿಯೋಮೈಸಿನ್, ಜೆಂಟಾಮೈಸಿನ್ ಇರುವ ಹನಿಗಳು ಒಳಗಿವಿಗೆ ಇಳಿದು ಶ್ರವಣಶಕ್ತಿಗೇ ಪೆಟ್ಟು ಕೊಡಬಹುದು. ತೂತಿದೆಯೋ ಇಲ್ಲವೋ ತಿಳಿಯಲು ಡಾಕ್ಟರು ಒಮ್ಮೆ ಬೆಳಕು ಹಾಕಿ ನೋಡಲೇಬೇಕು.

ಹನಿ ಹಾಕುವ ಮೊದಲು

ಆ ಹುಡುಗನ ನಾಳದ ತುಂಬ ಕೀವು, ಸತ್ತ ಚರ್ಮದ ಚೂರು ತುಂಬಿತ್ತು. ಇವುಗಳ ಮೇಲೆ ಎಷ್ಟು ಹನಿ ಸುರಿದರೂ ಕೆಳಗಿನ ಚರ್ಮಕ್ಕೆ ಮುಟ್ಟುವುದಿಲ್ಲ. ಹಾಗಾಗಿ ಸಣ್ಣ ಹೀರುಕೊಳವೆಯಿಂದ ನಿಧಾನವಾಗಿ ತೆಗೆದೆ. ಇದು ಕ್ಲಿನಿಕ್ಕಿನಲ್ಲೇ ಆಗಬೇಕಾದ ಕೆಲಸ, ಮನೆಯಲ್ಲಿ ಪಿಚಕಾರಿಯಿಂದ ನೀರು ಹೊಡೆಯುವಂತಿಲ್ಲ.

ತೆಗೆದ ಮೇಲೂ ನಾಳ ಬಾತು ಮುಚ್ಚಿಕೊಂಡಿತ್ತು, ತಮಟೆ ಪೂರ್ತಿ ಕಾಣಲಿಲ್ಲ. ಅಂಥ ಕಿವಿಗೆ ಒಂದು ಬತ್ತಿ ಇಡುತ್ತೇವೆ. ಸ್ಪಂಜಿನಂಥ ವಸ್ತುವನ್ನು ಒತ್ತಿ ತೆಳ್ಳಗೆ ಮಾಡಿದ್ದು ಅದು. ಹನಿ ಬಿದ್ದ ಕೂಡಲೇ ಉಬ್ಬಿ ಸುತ್ತಲಿನ ಚರ್ಮಕ್ಕೆ ತಾಗುತ್ತದೆ, ಔಷಧವನ್ನು ಒಳಗಿನವರೆಗೆ ಒಯ್ಯುತ್ತದೆ. ಇಡುವಾಗ ಹುಡುಗ ಚೀರಿದ, ಆ ಒಂದು ಕ್ಷಣ ತಡೆದುಕೊಳ್ಳಲೇಬೇಕಾಗುತ್ತದೆ. ಬಾವು ಇಳಿದಾಗ ಬತ್ತಿ ಎಷ್ಟೋ ಸಲ ತಾನಾಗಿ ಕಳಚಿ ಬೀಳುತ್ತದೆ, ಇಲ್ಲವೇ ಎರಡು ಮೂರು ದಿನಕ್ಕೆ ಡಾಕ್ಟರೇ ತೆಗೆಯುತ್ತಾರೆ.

ಹನಿ ಹಾಕುವ ಕ್ರಮ

ಅವನಿಗೆ ಬರೆದದ್ದು ಸಿಪ್ರೊಫ್ಲಾಕ್ಸಾಸಿನ್ ಮತ್ತು ಡೆಕ್ಸಾಮೆಥಸೋನ್ ಕೂಡಿದ ಹನಿ. ಮೊದಲನೆಯದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಎರಡನೆಯದು ಬಾವು ಇಳಿಸುತ್ತದೆ. ತಮಟೆ ಕಾಣದಿದ್ದಾಗಲೂ ಧೈರ್ಯವಾಗಿ ಕೊಡಬಹುದಾದ ಔಷಧ ಇದು. ಬೆಳಿಗ್ಗೆ 4, ಸಂಜೆ 4 ಹನಿಯಂತೆ 7 ದಿನ.

ಕೈ ತೊಳೆದುಕೊಂಡು ಬಾಟಲಿಯನ್ನು ಒಂದೆರಡು ನಿಮಿಷ ಮುಷ್ಟಿಯಲ್ಲಿ ಹಿಡಿಯಿರಿ. ತಣ್ಣಗಿನ ಹನಿ ಒಳಗೆ ಬಿದ್ದರೆ ತಲೆ ಗಿರ್ರೆನ್ನುತ್ತದೆ, ಮಕ್ಕಳು ಹೆದರಿ ಮುಂದಿನ ಸಲ ಹಾಕಿಸಿಕೊಳ್ಳುವುದಿಲ್ಲ. ಒಲೆಯ ಮೇಲೆ, ಬಿಸಿನೀರಿನಲ್ಲಿ ಕಾಯಿಸುವುದು ಬೇಡ, ಮೈಯ ಕಾವು ಸಾಕು.

ನೋವಿರುವ ಕಿವಿ ಮೇಲಕ್ಕೆ ಬರುವಂತೆ ಮಗುವನ್ನು ಪೂರ್ತಿ ಮಗ್ಗುಲಾಗಿ ಮಲಗಿಸಿ. ಕೂತು ತಲೆ ಓರೆ ಮಾಡಿದರೆ ನಡೆಯದು. ದೊಡ್ಡವರದಾದರೆ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಮೂರು ವರ್ಷದೊಳಗಿನ ಕೂಸಿಗೆ ಕೆಳಕ್ಕೆ, ಹಿಂದಕ್ಕೆ. ಹೀಗೆ ಎಳೆದಾಗ ಸೊಟ್ಟ ನಾಳ ನೇರವಾಗುತ್ತದೆ. ಬಾಟಲಿಯ ಮೂತಿ ಕಿವಿಗೆ ತಾಗದಂತೆ ಹನಿಯನ್ನು ನಾಳದ ಗೋಡೆಯ ಮೇಲೆ ಜಾರುವಂತೆ ಬಿಡಿ. ನಟ್ಟನಡುವೆ ಬಿಟ್ಟರೆ ಗಾಳಿ ಸಿಕ್ಕಿಕೊಂಡು ಹನಿ ಬಾಯಿಯಲ್ಲೇ ನಿಂತುಬಿಡುತ್ತದೆ.

ಆಮೇಲೆ ಎಲ್ಲರೂ ಬಿಟ್ಟುಬಿಡುವ ಕೆಲಸ ಒಂದಿದೆ. ತೂತಿನ ಮುಂದಿನ ಆ ಸಣ್ಣ ಉಬ್ಬನ್ನೇ ಬೆರಳಿನಿಂದ ಮೆಲ್ಲಗೆ ನಾಲ್ಕೈದು ಸಲ ಒತ್ತಿ ಬಿಡಿ. ಗಾಳಿ ಗುಳುಗುಳು ಎಂದು ಹೊರಬಂದು ಹನಿಯ ಮಟ್ಟ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಅದೇ ಮಗ್ಗುಲಲ್ಲಿ ಐದು ನಿಮಿಷ ಮಲಗಿರಲಿ. ಎದ್ದಾಗ ಹೊರಗೆ ಸುರಿದದ್ದನ್ನು ಬಟ್ಟೆಯಿಂದ ಒರೆಸಿ. ಹತ್ತಿ ತುರುಕಬೇಡಿ.

ಸ್ವಲ್ಪ ಉರಿದರೆ ಭಯವಿಲ್ಲ. ಗಂಟಲಲ್ಲಿ ಔಷಧದ ಕಹಿ ಬಂತೆಂದು ಮಗು ಹೇಳಿದರೆ ಮಾತ್ರ ಡಾಕ್ಟರಿಗೆ ತಿಳಿಸಿ, ಹನಿ ತಮಟೆಯ ತೂತಿನಿಂದ ಒಳಗೆ ಹೋಗುತ್ತಿದೆ ಎಂದರ್ಥ.

ನೋವಿಗೆ ಮೊದಲ ಎರಡು ಮೂರು ದಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಬೇಕು. ಅದನ್ನು ಕೊಡದೆ ಮಕ್ಕಳನ್ನು ನರಳಲು ಬಿಡುವುದು ನನಗೆ ಸರಿಕಾಣುವುದಿಲ್ಲ. ಆದರೆ "ಪಾವರಿಂದು ಗುಳಿಗಿ ಕೊಡ್ರಿ" ಎಂದು ಕೇಳುವ ಆ್ಯಂಟಿಬಯಾಟಿಕ್ ಮಾತ್ರೆ ಇಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ರಕ್ತದಿಂದ ಆ ಚರ್ಮಕ್ಕೆ ತಲುಪುವ ಔಷಧಕ್ಕಿಂತ ಹನಿಯಿಂದ ನೇರವಾಗಿ ಸಿಗುವುದು ಎಷ್ಟೋ ಪಟ್ಟು ಹೆಚ್ಚು. ಜ್ವರ ಬಂದರೆ, ಕೆಂಪು ಹೊರಗಿವಿಗೋ ಕೆನ್ನೆಗೋ ಹರಡಿದರೆ ಆಗ ಮಾತ್ರೆಯ ಮಾತು.

ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಹಿರಿಯರು ಪ್ರೀತಿಯಿಂದಲೇ ಬಿಡುತ್ತಾರೆ. ಆದರೆ ಹಸಿ ಗಾಯದ ಮೇಲೆ ಅದು ಸುಡುತ್ತದೆ, ಕೀವಿನ ಜೊತೆ ಸೇರಿ ಮೆತ್ತಿಕೊಂಡು ಹನಿಯ ದಾರಿಯನ್ನೂ ಕಟ್ಟುತ್ತದೆ. ದಯವಿಟ್ಟು ಬೇಡ.

ಒಣಗಿರಲಿ

ಔಷಧ ನಡೆದಿರುವಷ್ಟು ದಿನ ನೀರು ಹೋಗಬಾರದು. ತಲೆಸ್ನಾನಕ್ಕೆ ಮೊದಲು ಹತ್ತಿಯ ಉಂಡೆಗೆ ವ್ಯಾಸಲೀನ್ ಸವರಿ ತೂತಿನ ಬಾಯಿಗೆ ಇಡಿ, ಸ್ನಾನ ಮುಗಿದ ತಕ್ಷಣ ತೆಗೆಯಿರಿ. ಹತ್ತಿಗೆ ಇಷ್ಟೇ ಕೆಲಸ. ಮೊಬೈಲಿನ ಇಯರ್‌ಫೋನ್ ಕೂಡ ಸ್ವಲ್ಪ ದಿನ ದೂರ ಇರಲಿ.

ಗುಣವಾಗದಿದ್ದರೆ

ಹನಿ ಸರಿಯಾಗಿ ಇಳಿದರೆ 48ರಿಂದ 72 ತಾಸಿನಲ್ಲಿ ನೋವು ಇಳಿಮುಖವಾಗಬೇಕು. ಆಗದಿದ್ದರೆ ಹನಿಯ ಸಂಖ್ಯೆ ಹೆಚ್ಚಿಸದೆ ಮತ್ತೆ ತೋರಿಸಿ. ಇನ್ನೂ ಕೀವು ಕಟ್ಟಿರಬಹುದು, ಬತ್ತಿ ಬೇಕಾಗಿರಬಹುದು, ಅಥವಾ ಬೂಸ್ಟು ಬೆಳೆದಿರಬಹುದು. ಬೂಸ್ಟಿನಲ್ಲಿ ನೋವಿಗಿಂತ ತುರಿಕೆ ಹೆಚ್ಚು. ಒಳಗೆ ನೆನೆದ ಕಾಗದದಂಥ ಬಿಳಿ ಪದರ, ಕೆಲವೊಮ್ಮೆ ಕರಿ ಚುಕ್ಕೆ ಕಾಣುತ್ತವೆ. ಆ್ಯಂಟಿಬಯಾಟಿಕ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡವರಲ್ಲಿ ಇದನ್ನು ಬಹಳ ನೋಡುತ್ತೇವೆ. ಆಗ ಆ ಹನಿ ನಿಲ್ಲಿಸಿ, ಕಿವಿ ಸ್ವಚ್ಛ ಮಾಡಿ, ಕ್ಲೊಟ್ರಿಮಜೋಲ್ ಹನಿ ಕೊಡುತ್ತೇವೆ.

ಸಕ್ಕರೆ ಕಾಯಿಲೆ ಇರುವ ಹಿರಿಯರ ವಿಷಯ ಬೇರೆ. ಹಾವೇರಿ ಕಡೆ ತುಂಗಭದ್ರೆಯಲ್ಲಿ ಮಿಂದು ಬಂದ ಅಜ್ಜನಿಗೆ ಕಿವಿನೋವು ಎದ್ದು, ಹನಿ ಹಾಕಿದರೂ ಇಳಿಯದೆ, ರಾತ್ರಿ ನಿದ್ದೆಗೆಡಿಸುವಂತಿದ್ದರೆ ಒಂದು ದಿನವೂ ಕಾಯಬಾರದು. ಸೋಂಕು ಚರ್ಮ ದಾಟಿ ತಲೆಬುರುಡೆಯ ತಳದ ಎಲುಬಿಗೆ ಇಳಿದಿರಬಹುದು. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಕಣ್ಣು ಮುಚ್ಚಲಾಗದಿರುವುದು ಅದರ ಮುಂದುವರಿದ ಲಕ್ಷಣ. ಇದಕ್ಕೆ ಸ್ಕ್ಯಾನ್ ಬೇಕು, ವಾರಗಟ್ಟಲೆ ಆ್ಯಂಟಿಬಯಾಟಿಕ್ ಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ ಎಂದರೆ ಮೊದಲಿನ ಕಿಮ್ಸ್, ಗದಗದ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೇ ಒಯ್ಯಿರಿ.

ನಮ್ಮ ಹುಡುಗ ಮೂರನೇ ದಿನ ಬಂದಾಗ ಕೈ ಕಿವಿಯ ಹತ್ತಿರ ಇರಲಿಲ್ಲ. ಬತ್ತಿ ಹಿಂದಿನ ರಾತ್ರಿಯೇ ದಿಂಬಿನ ಮೇಲೆ ಬಿದ್ದಿತ್ತಂತೆ. ನಾಳ ತೆರೆದಿತ್ತು, ತಮಟೆ ಪೂರ್ತಿ ಕಾಣಿಸಿತು, ತೂತಿರಲಿಲ್ಲ. ಉಳಿದ ದಿನಗಳ ಹನಿ ಮುಗಿಸಲು ಹೇಳಿದೆ.

"ಮತ್ತ ಬಾವಿಗಿ ಹೋಗಬಹುದೇನ್ರಿ?" ಎಂದು ಅವನೇ ಕೇಳಿದ.

"ಹತ್ತ ದಿನ ತಡಿ. ಆಮ್ಯಾಲೆ ಹೋಗು, ಆದರ ಮ್ಯಾಲೆ ಬಂದ ಕೂಡ್ಲೆ ತಲಿ ವಾಲಿಸಿ ಕಿವಿ ಎಳದು ನೀರು ಇಳಸು. ಟವೆಲ್‌ಲೇ ಹೊರಗಷ್ಟ ಒರಸು. ಕಡ್ಡಿ ಮುಟ್ಟಬ್ಯಾಡ."

ತಾಯಿ ಬಾಟಲಿಯಲ್ಲಿ ಉಳಿದ ಔಷಧವನ್ನು ತಮ್ಮನ ಕಿವಿನೋವಿಗೆ ಇಡಲೇ ಎಂದರು. ಬೇಡ ಎಂದೆ. ತೆರೆದ ಬಾಟಲಿ ಹೆಚ್ಚು ದಿನ ಇಡುವಂಥದ್ದಲ್ಲ, ತಮ್ಮನ ನೋವು ನೆಗಡಿಯಿಂದ ಬಂದದ್ದಾದರೆ ಈ ಹನಿಯಿಂದ ಪ್ರಯೋಜನವೂ ಇಲ್ಲ.