ಮುಧೋಳದ ಹಾರ್ಡ್‌ವೇರ್ ಅಂಗಡಿಗೆ ಬಂದ ಜಿಎಸ್‌ಟಿ ನೋಟಿಸ್: ನನ್ನ ಅನುಭವ

2023ರ ಡಿಸೆಂಬರಿನಲ್ಲಿ ಮುಧೋಳದ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಒಂಬತ್ತು ಪುಟದ ಇಂಗ್ಲಿಷ್ ನೋಟಿಸನ್ನು ಬಾಗಲಕೋಟೆಯ ನನ್ನ ತೆರಿಗೆ ಸಲಹೆಯ ಕಚೇರಿಗೆ ತಂದು, "ಇಷ್ಟೂ ರೊಕ್ಕ ಕಟ್ಟಬೇಕೇನ್ರಿ ಸರ?" ಎಂದು ಕೇಳಿದರು. 2018-19ರಲ್ಲಿ ಅವರು ತಮ್ಮ 3ಬಿ ರಿಟರ್ನ್‌ನಲ್ಲಿ ತೆಗೆದುಕೊಂಡ ಹೂಡುವಳಿ ತೆರಿಗೆ ಜಮೆ, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಗೆ ಸಿಗುವ ಐಟಿಸಿ, ಪೂರೈಕೆದಾರರ ರಿಟರ್ನ್‌ಗಳಿಂದ ತಯಾರಾಗುವ 2ಎಯಲ್ಲಿ ಕಾಣುವುದಕ್ಕಿಂತ ಸುಮಾರು 1.84 ಲಕ್ಷ ಹೆಚ್ಚಿತ್ತು. ಅದಕ್ಕೆ ಬಡ್ಡಿ ಮತ್ತು ದಂಡವನ್ನೂ ಸೇರಿಸಲಾಗಿತ್ತು.

ಇಂತಹ ನೋಟಿಸಿಗೆ ವಕೀಲರೇ ಉತ್ತರಿಸಬೇಕೆಂದು ನನ್ನ ಸಹೋದ್ಯೋಗಿಗಳು ಹೇಳುತ್ತಿದ್ದರು. ಅವರ ಮಾತಿಗೆ ಕಾರಣವೂ ಇತ್ತು. ಹಿಂದಿನ ವರ್ಷದ ಒಂದು ಪ್ರಕರಣದಲ್ಲಿ ನಾನು ನ್ಯಾಯಾಲಯದ ತೀರ್ಪುಗಳನ್ನು ತುಂಬಿ ಹದಿನಾಲ್ಕು ಪುಟದ ಉತ್ತರ ಬರೆದಿದ್ದೆ. ಯಾವ ಪೂರೈಕೆದಾರರ ಎಷ್ಟು ವ್ಯತ್ಯಾಸ ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಬೇಡಿಕೆ ಪೂರ್ತಿಯಾಗಿ ಖಾಯಂ ಆಯಿತು, ನನ್ನ ಶುಲ್ಕವನ್ನು ನಾನೇ ಬಿಟ್ಟುಕೊಟ್ಟೆ.

ಈ ಸಲ ಮೊದಲು ಇಡೀ ನೋಟಿಸನ್ನು ಕನ್ನಡಕ್ಕೆ ಇಳಿಸಿ ಕೊಟ್ಟು ನೋಡಿದೆ. ಅದು ಹನ್ನೊಂದು ಪುಟವಾಯಿತು, ವ್ಯಾಪಾರಿ ಎರಡನೆಯ ಪುಟ ದಾಟಲಿಲ್ಲ. ಆಮೇಲೆ ಪ್ರತಿ ಪ್ಯಾರಾವನ್ನೂ ಅವರಿಗೆ ಕೇಳುವ ಒಂದೊಂದು ಪ್ರಶ್ನೆಯಾಗಿ ಬರೆದೆ. ‘ಏಕೆ ವಸೂಲಿ ಮಾಡಬಾರದು’ ಎಂಬ ಮಾತು ಆದೇಶವಲ್ಲ, ನಿಮ್ಮ ಕಾರಣ ಹೇಳಿ ಎಂದಷ್ಟೇ ಅದರ ಅರ್ಥ ಎಂದು ತಿಳಿದ ಮೇಲೆ ಅವರಿಗೆ ಧೈರ್ಯ ಬಂತು. ಕಲಂ 73 ಎಂದಿದ್ದುದರಿಂದ ವಂಚನೆಯ ಆರೋಪವಿಲ್ಲ ಎಂಬುದನ್ನೂ ತಿಳಿಸಿದೆ. 74 ಎಂದಿದ್ದರೆ ಮೊದಲು ಆ ಆರೋಪಕ್ಕೇ ಉತ್ತರಿಸಬೇಕಾಗುತ್ತಿತ್ತು. ಇನ್ನೊಂದು ತೊಡಕು ‘ಅವೇಲ್ಡ್’ ಮತ್ತು ‘ಯುಟಿಲೈಸ್ಡ್’ ಎಂಬ ಎರಡು ಪದಗಳದು. ಐಟಿಸಿಯನ್ನು ಖಾತೆಗೆ ಜಮಾ ಮಾಡಿಕೊಳ್ಳುವುದು ಬೇರೆ, ತೆರಿಗೆ ಕಟ್ಟಲು ಬಳಸುವುದು ಬೇರೆ. ತಪ್ಪಾಗಿ ಪಡೆದ ಐಟಿಸಿಗೆ ಬಡ್ಡಿ ಬೀಳುವುದು ಬಳಸಿದಾಗ ಮಾತ್ರ.

ಅನುಬಂಧದ ಮೊತ್ತವನ್ನು ಪೂರೈಕೆದಾರರವಾರು ಬಿಡಿಸಿದಾಗ ವ್ಯತ್ಯಾಸ ಇಬ್ಬರಲ್ಲಿಯೇ ನಿಂತಿತು. ಹುಬ್ಬಳ್ಳಿಯ ಸಗಟು ವ್ಯಾಪಾರಿ ಸುಮಾರು 1.46 ಲಕ್ಷ ತೆರಿಗೆಯ ಬಿಲ್ಲುಗಳನ್ನು ನೋಂದಣಿ ಇಲ್ಲದ ಗ್ರಾಹಕರ ಮಾರಾಟವೆಂದು ತೋರಿಸಿದ್ದರು, ಆದರೆ ತೆರಿಗೆ ಕಟ್ಟಿದ್ದರು. 2022ರ ಡಿಸೆಂಬರ್ 27ರ 183ನೇ ಸುತ್ತೋಲೆಯಂತೆ, ಆ ವರ್ಷಕ್ಕೆ ಒಬ್ಬ ಪೂರೈಕೆದಾರರ ವ್ಯತ್ಯಾಸ 5 ಲಕ್ಷ ಮೀರದಿದ್ದರೆ ಅವರದೇ ಪ್ರಮಾಣಪತ್ರ ಸಾಕು. ಮೀರಿದರೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟ್ ಕೊಟ್ಟದ್ದು ಬೇಕು. ಐದು ವರ್ಷದ ಹಿಂದಿನ ಬಿಲ್ಲಿಗೆ ಆ ಸಗಟು ವ್ಯಾಪಾರಿಯಿಂದ ಸಹಿ ಹೇಗೆ ಪಡೆದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಪ್ರಮಾಣಪತ್ರದ ಜೊತೆಗೆ ಬಿಲ್ಲು, ಸಾಗಣೆ ರಸೀದಿ, ಬ್ಯಾಂಕಿನಿಂದ ಹಣ ಹೋದ ದಾಖಲೆಗಳನ್ನೂ ಅದೇ ಕ್ರಮದಲ್ಲಿ ಲಗತ್ತಿಸಿದೆ.

ಇನ್ನೊಬ್ಬರ ನೋಂದಣಿ ರದ್ದಾಗಿತ್ತು, ತೆರಿಗೆಯನ್ನೂ ಕಟ್ಟಿರಲಿಲ್ಲ. ಆ 38 ಸಾವಿರವನ್ನು ವಾದಿಸದೆ ಒಪ್ಪಿಕೊಂಡೆವು. ಐಟಿಸಿಯನ್ನು ಆಗಲೇ ಬಳಸಿದ್ದರಿಂದ ಶೇ. 18ರಂತೆ ಬಡ್ಡಿಯೇ 34 ಸಾವಿರದ ಸುಮಾರಿಗೆ ಬಂತು. ನೋಟಿಸ್ ಬಂದ 30 ದಿನದೊಳಗೆ DRC-03 ನಮೂನೆಯಲ್ಲಿ ಎರಡನ್ನೂ ಕಟ್ಟಿದ್ದರಿಂದ ಆ ಭಾಗಕ್ಕೆ ದಂಡ ಬೀಳಲಿಲ್ಲ.

DRC-06 ನಮೂನೆಯಲ್ಲಿ ನೋಟಿಸಿಗೆ ಕೊಟ್ಟ ಉತ್ತರ ಮೂರೂವರೆ ಪುಟ. ಖುದ್ದು ವಿಚಾರಣೆಯ ಆಯ್ಕೆಗೆ ‘ಹೌದು’ ಎಂದು ಗುರುತಿಸಿದ್ದೆ. ವಿಚಾರಣೆಯ ದಿನ ಅಧಿಕಾರಿ ಪ್ರಮಾಣಪತ್ರವನ್ನು ಬಿಲ್ಲುಗಳೊಂದಿಗೆ ತಾಳೆ ನೋಡಿದರು. ಏಪ್ರಿಲ್‌ನಲ್ಲಿ ಬಂದ ಆದೇಶದಲ್ಲಿ ಉಳಿದ 1.46 ಲಕ್ಷದ ಬೇಡಿಕೆ ಕೈಬಿಟ್ಟಿತ್ತು. ವಕೀಲರೇ ಬೇಕೆಂದಿದ್ದ ಸಹೋದ್ಯೋಗಿಯೊಬ್ಬರು ಮರುವಾರ ತಮ್ಮ ಎರಡು ನೋಟಿಸುಗಳನ್ನು ಹಿಡಿದುಕೊಂಡು ನನ್ನ ಕಚೇರಿಗೆ ಬಂದರು.